ಊರಿಗೆಲ್ಲ ತೆರೆದ ಬಾಗಿಲು, ಮನೆಯವರಿಗೇ ಮುಚ್ಚಿದೆ: ಎರಡು ವರ್ಷ ಬಳಸಿದ ರೂಟರ್

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಫೈಬರ್ ಸಂಪರ್ಕದ ಜೊತೆಗೇ ಬಂದ ರೂಟರ್ ಇದು. ವೇಗದ ಬಗ್ಗೆ ದೂರಿಲ್ಲ, ಮಹಡಿಯ ಕೋಣೆಗೂ ಸಿಗ್ನಲ್ ಮುಟ್ಟುತ್ತದೆ. ಆದರೂ ಐದಕ್ಕೆ ಮೂರೇ ನಕ್ಷತ್ರ.

ಮನೆಯವರ ಫೋಟೋಗಳನ್ನೆಲ್ಲ ಹಳೆಯ ಕಂಪ್ಯೂಟರೊಂದಕ್ಕೆ ತುಂಬಿ ಸರ್ವರ್ ಮಾಡಿದೆ. ಅದಕ್ಕೊಂದು ಹೆಸರು (`mane.example.com` ಎಂದುಕೊಳ್ಳಿ) ಕೊಟ್ಟು, ರೂಟರಿನಲ್ಲಿ 443ನೇ ಪೋರ್ಟನ್ನು ಅದರ ವಿಳಾಸವಾದ 192.168.1.50ಕ್ಕೆ ತಿರುಗಿಸಿದೆ. ದೇವರಾಜ ಮಾರುಕಟ್ಟೆಯಲ್ಲಿ ನಿಂತು ಮೊಬೈಲ್ ಡೇಟಾದಲ್ಲಿ ನೋಡಿದರೆ ಫೋಟೋಗಳು ತಟ್ಟನೆ ಬರುತ್ತವೆ. ಮನೆಗೆ ಬಂದು ವೈಫೈ ಹಿಡಿದರೆ ಪುಟವೇ ಇಲ್ಲ. "ಪಕ್ಕದಲ್ಲೇ ಕುಳಿತಿದ್ದೇನೆ, ನನಗೇ ಬರುವುದಿಲ್ಲವಲ್ಲೋ" ಎಂದು ಅಮ್ಮ ನಕ್ಕರು. ಗ್ರಾಹಕ ಸೇವೆಯವರು ಪೋರ್ಟ್ ತಪ್ಪಿರಬೇಕು ಎಂದರು. ತಪ್ಪಿದ್ದರೆ ಮಾರುಕಟ್ಟೆಯಲ್ಲಿ ಹೇಗೆ ತೆರೆಯಿತು ಸ್ವಾಮಿ?

ಕೊನೆಗೆ ಸರ್ವರಿನಲ್ಲಿ ಈ ಆಜ್ಞೆ ಓಡಿಸಿ, ವೈಫೈಯಲ್ಲಿ 192.168.1.20 ವಿಳಾಸ ಪಡೆದಿದ್ದ ಫೋನಿನಿಂದ ಪುಟ ತೆರೆಯಲು ನೋಡಿದೆ:

```
sudo tcpdump -ni eth0 host 192.168.1.20 and port 443
```

ಫೋನಿನ ಕೋರಿಕೆ `[S]` ಬಂತು, ಸರ್ವರಿನ ಉತ್ತರ `[S.]` ಹೋಯಿತು, ಮರುಕ್ಷಣ ಫೋನಿನಿಂದ `[R]`, ಅಂದರೆ ತಿರಸ್ಕಾರ. ಗುಟ್ಟು ಇಲ್ಲಿದೆ. ಫೋನ್ ಕೋರಿಕೆ ಕಳಿಸಿದ್ದು ಮನೆಯ ಸಾರ್ವಜನಿಕ ವಿಳಾಸಕ್ಕೆ. ರೂಟರ್ 'ಯಾರಿಗೆ' ಎಂಬುದನ್ನು ಬದಲಿಸಿ ಸರ್ವರಿಗೆ ದಾಟಿಸಿತು, 'ಯಾರಿಂದ' ಎಂಬುದನ್ನು ಮುಟ್ಟಲಿಲ್ಲ. ಕೇಳಿದ್ದು ಒಂದೇ ಮನೆಯ ಫೋನ್ ಎಂದು ಸರ್ವರ್ ರೂಟರನ್ನು ಬಿಟ್ಟು ನೇರವಾಗಿ ಉತ್ತರಿಸಿತು. ಈ 50 ಎಂಬುವರನ್ನು ನಾನು ಏನೂ ಕೇಳಿಯೇ ಇಲ್ಲವಲ್ಲ ಎಂದು ಫೋನ್ ಅದನ್ನು ತಳ್ಳಿಹಾಕಿತು. 'ಯಾರಿಂದ' ಎಂಬಲ್ಲಿ ರೂಟರ್ ತನ್ನ ವಿಳಾಸ ಹಾಕಿದ್ದರೆ ಉತ್ತರವೂ ಅದರ ಮೂಲಕವೇ ಮರಳುತ್ತಿತ್ತು. ಇದನ್ನು ನ್ಯಾಟ್ ಲೂಪ್‌ಬ್ಯಾಕ್ ಎನ್ನುತ್ತಾರೆ. ಈ ರೂಟರಿನಲ್ಲಿ ಅದು ಇಲ್ಲ, ಸೆಟ್ಟಿಂಗಿನಲ್ಲಿ ಆ ಆಯ್ಕೆಯೂ ಇಲ್ಲ. ನಿಮ್ಮಲ್ಲಿ ಆಜ್ಞೆಯ ಕೆಳಗೆ ಫೋನಿನ ಕೋರಿಕೆಯ ಒಂದು ಸಾಲೂ ಮೂಡದಿದ್ದರೆ, ಒಳಗಿನಿಂದ ಬಂದ ಕೋರಿಕೆಯನ್ನು ನಿಮ್ಮ ರೂಟರ್ ಸರ್ವರಿನತ್ತ ತಿರುಗಿಸುತ್ತಲೇ ಇಲ್ಲ. ಕೆಲವು ರೂಟರುಗಳು ಆಗ ತಮ್ಮದೇ ಲಾಗಿನ್ ಪುಟ ತೋರಿಸುವುದೂ ಉಂಟು.

ನಾನು ಹಿಡಿದ ಅಡ್ಡದಾರಿ: ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಕೆಲಸಕ್ಕೆ ಸರ್ವರಿನಲ್ಲೇ dnsmasq ಹಾಕಿ, ಮನೆಯೊಳಗೆ ಆ ಹೆಸರಿಗೆ ಒಳವಿಳಾಸವನ್ನೇ ಕೊಡುವಂತೆ ಮಾಡಿದೆ.

```
address=/mane.example.com/192.168.1.50
```

ರೂಟರಿನ ಡಿಎಚ್‌ಸಿಪಿಯಲ್ಲಿ ಡಿಎನ್ಎಸ್ ಎಂದು 192.168.1.50 ಒಂದನ್ನೇ ಬರೆದೆ. ಎರಡನೆಯ ಖಾನೆಯಲ್ಲಿ ಹೊರಗಿನ ವಿಳಾಸ ಉಳಿಸಿದ್ದಾಗ ಪುಟ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಹೆಸರು ಬದಲಾಗದ ಕಾರಣ ಪ್ರಮಾಣಪತ್ರದ ಎಚ್ಚರಿಕೆಯೂ ಬರುವುದಿಲ್ಲ. ಹೆಂಡತಿಯ ಫೋನ್ ಮಾತ್ರ ಆಮೇಲೂ ಹಟ ಹಿಡಿಯಿತು. ಅದರಲ್ಲಿ ಪ್ರೈವೇಟ್ ಡಿಎನ್ಎಸ್‌ಗೆ ಹೊರಗಿನ ಸೇವೆಯೊಂದರ ಹೆಸರು ಕೊಟ್ಟಿತ್ತು, ಅದನ್ನು ತೆಗೆದ ಮೇಲೆ ಸರಿಹೋಯಿತು.

ಇದಕ್ಕೆ ತೆರಬೇಕಾದ ದಂಡವೂ ಇದೆ. ಕಸ ಗುಡಿಸುವಾಗ ಯಾರಾದರೂ ಸರ್ವರಿನ ಪ್ಲಗ್ ಕಿತ್ತರೆ, ಯಾವ ಹೆಸರಿಗೂ ವಿಳಾಸ ಸಿಗದೆ ಈಗ ಇಡೀ ಮನೆಗೆ ಇಂಟರ್ನೆಟ್ ನಿಲ್ಲುತ್ತದೆ. ಹೋದ ತಿಂಗಳು ಎರಡು ಸಲ ಹಾಗಾಯಿತು.