ಒಂದೇ ಅಜ್ಜಿ, ಮೂರು ಫೈಲು: ಮಗ್‌ಗೆ ಯಾವುದು, ಟೀ ಶರ್ಟಿಗೆ ಯಾವುದು

ಅಜ್ಜಿಗೆ ಎಂಬತ್ತು ತುಂಬಿದಾಗ ಅವಳ ಚಿತ್ರವಿರುವ ಬಿಳಿ ಮಗ್ ಮತ್ತು ಕಪ್ಪು ಟೀ ಶರ್ಟುಗಳನ್ನು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಜಗಲಿಯಲ್ಲಿ ಕುಳಿತು ನಗುತ್ತಿರುವ ಫೋಟೊ ಇತ್ತು. ಫೋನಿನಲ್ಲಿ ತೆಗೆದದ್ದು, 3000 × 4000 ಪಿಕ್ಸೆಲ್. ಹಿನ್ನೆಲೆ ಅಳಿಸಿದ ಮೇಲೆ ಅಜ್ಜಿ ಉಳಿದದ್ದು ಅದರಲ್ಲಿ 1500 × 2100 ಪಿಕ್ಸೆಲ್‌ನಷ್ಟು ಜಾಗದಲ್ಲಿ. ಇದೇ ಚಿತ್ರವನ್ನು ಮೂರು ರೀತಿಯಲ್ಲಿ ಸಿದ್ಧಮಾಡಿ, ಒಂದೊಂದನ್ನೂ ಮಗ್ ಮೇಲೆ ಮತ್ತು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ನೋಡಿದೆ. ಹಿನ್ನೆಲೆ ಅಳಿಸಿದಂತೆಯೇ ಕಳಿಸುವುದು ಮೊದಲನೆಯದು. ಸುತ್ತಲಿನ ಖಾಲಿಯನ್ನು ಕತ್ತರಿಸಿ ಕಳಿಸುವುದು ಎರಡನೆಯದು. ಅಚ್ಚಿನ ಜಾಗದಷ್ಟೇ ದೊಡ್ಡ ಖಾಲಿ ಹಾಳೆ ಮಾಡಿ, ಅದರಲ್ಲಿ ಚಿತ್ರವನ್ನು ಕೂರಿಸಿ ಕಳಿಸುವುದು ಮೂರನೆಯದು.

ಮೊದಲ ದಾರಿಯಲ್ಲಿ ಎಡವಿದ್ದೇ ನನಗೆ ಪಾಠವಾಯಿತು. ಟೀ ಶರ್ಟಿನ ಚಿತ್ರ 10 ಇಂಚು ಎತ್ತರ ಇರಲಿ ಎಂದು ಅಂಗಡಿಯವರಿಗೆ ಹೇಳಿದೆ. ಅವರು ಫೈಲನ್ನು 10 ಇಂಚಿಗೆ ಹೊಂದಿಸಿದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಮೂಲ ಫೋಟೊದ ಲೆಕ್ಕದಲ್ಲಿ ಇಡೀ ಫೈಲಿನ ಎತ್ತರ 4000 ಪಿಕ್ಸೆಲ್, ಅಜ್ಜಿಯದು 2100. ಮಿಕ್ಕದ್ದೆಲ್ಲ ಕಣ್ಣಿಗೆ ಕಾಣದ ಖಾಲಿ. ಹೀಗಾಗಿ ಅಜ್ಜಿ ಬಂದದ್ದು ಐದೂಕಾಲು ಇಂಚಿನಲ್ಲಿ. ಮೂಲ ಫೋಟೊದಲ್ಲಿ ಅವಳು ಎಡಗಡೆಗೆ ಕುಳಿತಿದ್ದಳಾದ್ದರಿಂದ ಶರ್ಟಿನ ಮೇಲೂ ಒಂದು ಪಕ್ಕಕ್ಕೆ ಸರಿದಿದ್ದಳು. ಶರ್ಟಿಗೆ ಮಾಡಿಸಿದ್ದು ಡಿಟಿಎಫ್ ಮುದ್ರಣ, ಅಂದರೆ ಚಿತ್ರವನ್ನು ಫಿಲ್ಮಿನ ಮೇಲೆ ಮುದ್ರಿಸಿ ಬಿಸಿಯಿಂದ ಬಟ್ಟೆಗೆ ಒತ್ತುವುದು. ಅದರಲ್ಲಿ ಬಳಸಿದ ಫಿಲ್ಮಿನ ಅಳತೆಗೆ ಹಣ ಕೊಡಬೇಕು. ಆ ಖಾಲಿಗೂ ನಾನು ದುಡ್ಡು ತೆತ್ತಿದ್ದೆ!

ಇದರ ಜೊತೆಗೆ ಇನ್ನೊಂದು ಎಡವಟ್ಟೂ ಆಗಿತ್ತು. ಹಿನ್ನೆಲೆ ಅಳಿಸಲು ಮೊದಲು ಬಳಸಿದ ಉಚಿತ ಜಾಲತಾಣ ಫೈಲನ್ನು 433 × 577 ಪಿಕ್ಸೆಲ್‌ಗೆ ಕುಗ್ಗಿಸಿ ಕೊಟ್ಟಿತ್ತು. ಫೋನಿನ ಪರದೆಯಲ್ಲಿ ಅಂದವಾಗಿಯೇ ಕಾಣುತ್ತಿತ್ತು. ಅದರೊಳಗೆ ಅಜ್ಜಿಯ ಎತ್ತರ ಬರೀ 303 ಪಿಕ್ಸೆಲ್. ಲೆಕ್ಕ ಸರಳ: ಚಿತ್ರದ ಪಿಕ್ಸೆಲ್‌ಗಳನ್ನು ಅಚ್ಚಿನ ಇಂಚುಗಳಿಂದ ಭಾಗಿಸಬೇಕು. ಮಗ್ ಮೇಲೆ ಅಜ್ಜಿ 3 ಇಂಚು ಎತ್ತರವಾದಾಗ ಇಂಚಿಗೆ ನೂರು ಪಿಕ್ಸೆಲ್‌ನಷ್ಟಾಯಿತು. ಮುಖ ಗುರುತು ಸಿಗುತ್ತದೆ, ಕನ್ನಡಕದ ಕಟ್ಟು ಮಾತ್ರ ಮಸುಕು. ಶರ್ಟಿನ ಮೇಲೆ ಐದೂಕಾಲು ಇಂಚಿನಲ್ಲಿ ಇಂಚಿಗೆ ಬರೀ ಐವತ್ತೆಂಟು. ಸೀರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಬಂತು. ಫೈಲಿನ ಗುಣಲಕ್ಷಣಗಳಲ್ಲಿ 72 ಎಂದಿದ್ದದ್ದನ್ನು 300 ಎಂದು ತಿದ್ದಿಯೂ ನೋಡಿದೆ. ಅದು ಬರೀ ಚೀಟಿ. ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ.

ಮೂಲ ಫೋಟೊವನ್ನು ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶದಲ್ಲಿ ತೆರೆದು, ಹಿನ್ನೆಲೆಯನ್ನು ಕೈಯಾರೆ ಬಿಡಿಸಿ, ಎರಡನೆಯ ದಾರಿಗೆ ಬಂದೆ. Image ಪಟ್ಟಿಯಲ್ಲಿರುವ Crop to Content ಒತ್ತಿದರೆ ಖಾಲಿ ಅಂಚುಗಳೆಲ್ಲ ಕಳಚಿಹೋಗುತ್ತವೆ. ನನಗೆ ಮೊದಲ ಸಲ ಕಳಚಲಿಲ್ಲ. ಅಜ್ಜಿಯ ಕೆಳಗೆ ಕಡುಬಣ್ಣದ ಒಂದು ಪದರ ಹಾಸಿ ನೋಡಿದಾಗ ಕಾರಣ ತಿಳಿಯಿತು: ಮೂಲೆಯಲ್ಲಿ ಜಗಲಿ ಗೋಡೆಯ ಮಬ್ಬು ಚುಕ್ಕೆಯೊಂದು ಅಳಿಸದೆ ಉಳಿದಿತ್ತು. ಅದನ್ನು ಒರೆಸಿ, ಕಡುಬಣ್ಣದ ಪದರವನ್ನೂ ತೆಗೆದು, ಮತ್ತೆ Crop to Content ಒತ್ತಿದ ಮೇಲೆ ಫೈಲು 1500 × 2100ಕ್ಕೆ ಬಂತು. ನಂತರ Print Size ತೆರೆದು ಎತ್ತರ 10 ಇಂಚು ಎಂದು ಬರೆದೆ. ಅಗಲ ತಾನಾಗಿ 7.14 ಇಂಚಾಯಿತು, ಸಾಂದ್ರತೆ ಇಂಚಿಗೆ 210. ಪಕ್ಕದಲ್ಲೇ ಇರುವ Scale Image ಬೇರೆ ಕೆಲಸ ಮಾಡುತ್ತದೆ. ಅದು ಪಿಕ್ಸೆಲ್‌ಗಳನ್ನೇ ಹೊಸದಾಗಿ ಹೆಣೆಯುತ್ತದೆ. ಅದರಿಂದ 300ಕ್ಕೆ ಏರಿಸಿದ ಒಂದು ಪ್ರತಿಯನ್ನೂ ಅಚ್ಚು ಹಾಕಿಸಿದೆ. ಎರಡು ಶರ್ಟುಗಳನ್ನು ಪಕ್ಕಪಕ್ಕ ಹರಡಿದಾಗ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ. ಎಲ್ಲರೂ 300 ಎನ್ನುತ್ತಾರೆ. ಬಟ್ಟೆಯ ನೇಯ್ಗೆಯ ಮೇಲೆ, ತೋಳಿನ ದೂರದಿಂದ ನೋಡುವ ಫೋಟೊಗೆ 200 ಸಾಕು ಎಂಬುದು ನನ್ನ ಅನುಭವ. ಸಣ್ಣ ಅಕ್ಷರಗಳಿದ್ದರೆ ಈ ಮಾತು ನಿಲ್ಲುವುದಿಲ್ಲ.

ಇಷ್ಟಾದರೂ ಕಪ್ಪು ಶರ್ಟಿನಲ್ಲಿ ಅಜ್ಜಿಯ ತಲೆಯ ಸುತ್ತ ದೇವರ ಪಟದಲ್ಲಿರುವಂತೆ ಬಿಳಿ ಪ್ರಭಾವಳಿ ಕಾಣಿಸಿಕೊಂಡಿತು. ಕೂದಲಿನ ಅಂಚಿನ ಪಿಕ್ಸೆಲ್‌ಗಳು ಅರೆಪಾರದರ್ಶಕ. ಡಿಟಿಎಫ್‌ನಲ್ಲಿ ಬಣ್ಣದ ಜೊತೆಗೆ ಬಿಳಿ ಶಾಯಿಯ ಪದರವೂ ಬೀಳುತ್ತದೆ. ಅಂಚಿನಲ್ಲಿ ಬಣ್ಣ ತೆಳುವಾದಲ್ಲಿ ಆ ಬಿಳಿ ಇಣುಕುತ್ತದೆ. Layer ಪಟ್ಟಿಯ Transparency ಅಡಿಯಲ್ಲಿರುವ Threshold Alpha ಬಳಸಿ, ಅರೆಬರೆ ಪಿಕ್ಸೆಲ್‌ಗಳನ್ನು ಒಂದೋ ಪೂರ್ತಿ ಇರುವಂತೆ, ಇಲ್ಲವೇ ಪೂರ್ತಿ ಇಲ್ಲದಂತೆ ಮಾಡಿದೆ. ಪ್ರಭಾವಳಿ ಹೋಯಿತು. ಅದರ ಜೊತೆಗೆ ಹಾರಾಡುವ ನಾಲ್ಕು ಕೂದಲೆಳೆಗಳೂ ಹೋದವು. ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಅಂಚು ಸ್ವಲ್ಪ ಬಿರುಸಾಯಿತು. ಕಪ್ಪು ಬಟ್ಟೆಗೆ ಆ ಬೆಲೆ ತೆರಬಹುದು. ಮಗ್‌ಗೆ ಮಾತ್ರ ಈ ಫೈಲನ್ನು ಕೊಡಬೇಡಿ. ಮಗ್ ಮೇಲಿನದು ಸಬ್ಲಿಮೇಶನ್, ಅಂದರೆ ಕಾಗದದಲ್ಲಿ ಮುದ್ರಿಸಿದ ಬಣ್ಣವನ್ನು ಬಿಸಿಯಿಂದ ಮಗ್‌ಗೆ ಇಳಿಸುವ ಮುದ್ರಣ. ಅದರಲ್ಲಿ ಬಿಳಿ ಶಾಯಿಯೇ ಇಲ್ಲ, ಬಿಳಿಯ ಜಾಗದಲ್ಲಿ ಕಾಣುವುದು ಮಗ್‌ನ ಬಿಳಿಯೇ. ಅಲ್ಲಿ ಮೃದು ಅಂಚು ಸಹಜವಾಗಿ ಕರಗುತ್ತದೆ.

ಕತ್ತರಿಸಿದ ಫೈಲು ಶರ್ಟಿಗೆ ಗೆದ್ದಿತು. ಕೊರಳಪಟ್ಟಿಯಿಂದ ಮೂರು ಇಂಚು ಕೆಳಗೆ ಎಂದಷ್ಟೇ ಹೇಳಿದರೆ ಸಾಕಾಯಿತು. ಮಗ್‌ನಲ್ಲಿ ಅದೇ ಫೈಲು ಸೋತಿತು. ಅಂಗಡಿಯವರು ಅದನ್ನು ಮಗ್‌ಗೆ ಸುತ್ತುವ ಅಚ್ಚಿನ ಪಟ್ಟಿಯ ನಟ್ಟನಡುವೆ ಇಟ್ಟರು. ಪಟ್ಟಿಯ ನಡು ಎಂದರೆ ಹಿಡಿಯ ನೇರ ಎದುರು. ಕುಡಿಯುವವರಿಗೂ ಕಾಣದು, ಎದುರಿಗಿರುವವರಿಗೂ ಅರ್ಧ ಮುಖ. ಎತ್ತರವನ್ನೂ ತುದಿಯಿಂದ ತುದಿಗೆ ತುಂಬಿಸಿದ್ದರಿಂದ ಅಜ್ಜಿಯ ನೆತ್ತಿ ಮೇಲಂಚಿನ ಹತ್ತಿರ ಮಸುಕಾಗಿ ಬಂದಿತ್ತು. ಮಗ್‌ನ ತುದಿಯಲ್ಲಿ ಬಿಸಿ ಪಟ್ಟಿಯ ಒತ್ತಡ ಸರಿಯಾಗಿ ಕೂರುವುದಿಲ್ಲ.

ಅಲ್ಲಿ ಗೆದ್ದದ್ದು ಮೂರನೆಯ ದಾರಿ. ಟೇಪು ಹಿಡಿದು ಅಳೆದೆ: ಮಗ್‌ನ ಎತ್ತರ ಮೂರೂಮುಕ್ಕಾಲು ಇಂಚು, ಸುತ್ತಳತೆ ಹತ್ತಕ್ಕೆ ಕೊಂಚ ಹೆಚ್ಚು. ಹಿಡಿಯ ಎರಡೂ ಪಕ್ಕ ಜಾಗ ಬಿಟ್ಟು 8 × 3.5 ಇಂಚಿನ ಪಟ್ಟಿ ಎಂದುಕೊಂಡೆ. ಇಂಚಿಗೆ 300ರಂತೆ ಅದು 2400 × 1050 ಪಿಕ್ಸೆಲ್‌ನ ಖಾಲಿ ಹಾಳೆ. ಅದರಲ್ಲಿ ಅಜ್ಜಿಯನ್ನು 3 ಇಂಚು ಎತ್ತರಕ್ಕೆ, ಅಂದರೆ 900 ಪಿಕ್ಸೆಲ್‌ಗೆ ಇಳಿಸಿ ಕೂರಿಸಿದೆ. ಮೇಲೂ ಕೆಳಗೂ ಕಾಲು ಇಂಚು ಖಾಲಿ ಉಳಿಯಿತು. ಶರ್ಟಿನ ಫೈಲಿನಲ್ಲಿ ದಂಡವೆನಿಸಿದ ಖಾಲಿಯೇ ಇಲ್ಲಿ ಕೆಲಸಕ್ಕೆ ಬಂತು, ಏಕೆಂದರೆ ಚಿತ್ರದ ಸ್ಥಾನವನ್ನು ಹಿಡಿದಿಡುವುದು ಅದೇ. ಬಲಗೈಯಲ್ಲಿ ಹಿಡಿದವರಿಗೆ ಕಾಣುವುದು ಪಟ್ಟಿಯ ಬಲ ಭಾಗ. ಹಾಗಾಗಿ ಚಿತ್ರದ ನಡುವನ್ನು ಎಡತುದಿಯಿಂದ 6 ಇಂಚಿಗೆ ತಂದೆ. ಅಚ್ಚಿಗೆ ಮುನ್ನ ಸಾದಾ ಕಾಗದದಲ್ಲಿ ನೂರು ಪ್ರತಿಶತ ಅಳತೆಗೆ ಮುದ್ರಿಸಿ, ಮಗ್‌ಗೆ ಸುತ್ತಿ ನೋಡಿದೆ. ಕನ್ನಡಿ ಹಾಗೆ ತಿರುಗಿಸುವುದನ್ನು ಅಂಗಡಿಗೇ ಬಿಟ್ಟೆ. ನಾನೂ ತಿರುಗಿಸಿ ಅವರೂ ತಿರುಗಿಸಿದರೆ ಅಜ್ಜಿಯ ಮೂಗುತಿ ಇನ್ನೊಂದು ಮೂಗಿನ ಹೊಳ್ಳೆಗೆ ಹೋಗುತ್ತದೆ.

ಫೈಲು ಕಳಿಸುವಾಗ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿದೆ. ಚಿತ್ರವಾಗಿ ಹೋದರೆ ಪಾರದರ್ಶಕತೆಯೂ ಹೋಗುತ್ತದೆ, ಪಿಕ್ಸೆಲ್‌ಗಳೂ ಕುಗ್ಗುತ್ತವೆ. ಫೈಲಿನ ಹೆಸರಿನಲ್ಲೇ ಅಳತೆ ಬರೆದಿಟ್ಟೆ: `ajji_mug_8x3.5in.png`, `ajji_shirt_7.14x10in.png`.

ಮಗ್‌ಗಳು ಬಂದ ದಿನ ಎಲ್ಲರೂ ಕಾಫಿ ಹಿಡಿದು ಅಜ್ಜಿಯ ಮುಖ ನೋಡಿದರು, ಎಡಗೈ ಬಳಸುವ ಚಿಕ್ಕಪ್ಪನ ಹೊರತು. ಅವರ ಕಡೆಗೆ ಬಂದದ್ದು ಬರೀ ಬಿಳಿ ಪಿಂಗಾಣಿ. ಎರಡನೆಯ ಕಂತಿಗೆ 2 ಇಂಚಿನಲ್ಲಿ ಒಂದು, 6 ಇಂಚಿನಲ್ಲಿ ಒಂದು ಎಂದು ಇಬ್ಬರು ಅಜ್ಜಿಯರನ್ನು ಕೂರಿಸಿದೆ.