ಕಪ್ಪೆ ಕೂಗಿಗೆ 5 ವೋಲ್ಟ್ ಆಂಪ್ಲಿಫೈಯರ್: ಮೂರು ಆಪ್‌ಆಂಪ್‌ಗಳ ಹೋಲಿಕೆ

ಮೂಡಿಗೆರೆ ಕಡೆ ಮಳೆ ಹಿಡಿದರೆ ಕಾಫಿ ತೋಟದ ತುಂಬ ಕಪ್ಪೆ ಕೂಗು. ಅದನ್ನು ರೆಕಾರ್ಡ್ ಮಾಡಲು ನಾಲ್ಕು ರೀಚಾರ್ಜ್ ಸೆಲ್‌ನಲ್ಲಿ, ಅಂದರೆ ಸುಮಾರು 5 ವೋಲ್ಟ್‌ನಲ್ಲಿ ಓಡುವ ಮೈಕ್ ಆಂಪ್ಲಿಫೈಯರ್ ಬೇಕಿತ್ತು. ಒಂದೇ ಬೋರ್ಡಿನಲ್ಲಿ ಮೂರು ಐಸಿ ಬದಲಿಸಿ ನೋಡಿದೆ. ಮೂರಕ್ಕೂ ಕಾಲುಗಳ ಜೋಡಣೆ ಒಂದೇ.

ಸರ್ಕ್ಯೂಟ್ ಸರಳ. ಎರಡು 10 ಕೆ ರೆಸಿಸ್ಟರ್ ಸೇರಿ 2.5 ವೋಲ್ಟ್ ಕೊಡುತ್ತವೆ. ಅದು 100 ಕೆ ಮೂಲಕ ಪ್ಲಸ್ ಇನ್‌ಪುಟ್‌ಗೆ ಹೋಗುತ್ತದೆ. ಮೈಕ್ ಸಿಗ್ನಲ್ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಅಲ್ಲಿಗೇ ಬರುತ್ತದೆ. ಫೀಡ್‌ಬ್ಯಾಕ್ 100 ಕೆ, ಗ್ರೌಂಡ್ ಕಡೆ 1 ಕೆ, ಗೇನ್ 101. ಆ 1 ಕೆ ಜೊತೆ ಸರಣಿಯಲ್ಲಿ 10 ಮೈಕ್ರೋಫ್ಯಾರಡ್ ಇರಲೇಬೇಕು. ಇಲ್ಲದಿದ್ದರೆ 2.5 ವೋಲ್ಟ್ ಕೂಡ 101 ಪಟ್ಟು ಆಗಲು ಹೊರಟು ಔಟ್‌ಪುಟ್ ಸಪ್ಲೈ ಕಡೆಗೇ ಅಂಟಿಕೊಳ್ಳುತ್ತದೆ.

ಹಳೆಯ ಟಿಎಲ್072 ಇಲ್ಲಿ ಆಗುವುದಿಲ್ಲ. ಅದರ ಇನ್‌ಪುಟ್‌ಗಳು ಗ್ರೌಂಡ್‌ಗಿಂತ ಸುಮಾರು 3 ವೋಲ್ಟ್ ಮೇಲೆ ಇರಬೇಕು. ನಮ್ಮ 2.5 ಅದಕ್ಕಿಂತ ಕೆಳಗೆ. ಮೈಕ್ ಬಿಚ್ಚಿ ಮೀಟರ್ ಹಿಡಿದರೆ ಔಟ್‌ಪುಟ್ 2.5 ಬಿಟ್ಟು ಮೇಲೆ ನಿಂತಿರುತ್ತದೆ. 9 ವೋಲ್ಟ್ ಬ್ಯಾಟರಿ ಹಾಕಿದರೆ ಮಧ್ಯ 4.5 ಆಗುತ್ತದೆ, ಆಗ ಇದೇ ಐಸಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್‌ಎಂ358 ಅಗ್ಗ, ಹಾಸನದ ಅಂಗಡಿಯಲ್ಲೂ ಸಿಗುತ್ತದೆ. ಇನ್‌ಪುಟ್ ಗ್ರೌಂಡ್‌ವರೆಗೂ ಇಳಿಯಬಹುದು. ಆದರೆ ಮೇಲ್ಗಡೆ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಸುಮಾರು 1.5 ವೋಲ್ಟ್ ಬಿಡಬೇಕು. ಹಾಗಾಗಿ ಔಟ್‌ಪುಟ್ 3.5ಕ್ಕೆ ನಿಲ್ಲುತ್ತದೆ. 2.5ರಿಂದ ಮೇಲೆ ಹೋಗಲು ಒಂದೇ ವೋಲ್ಟ್ ಜಾಗ! ಜೋರು ಕೂಗಿನ ಮೇಲ್ತುದಿ ಮೊದಲು ಕತ್ತರಿಸಿ ಹೋಗುತ್ತದೆ. ಈ ಐಸಿಯ ನಿಜವಾದ ಮಧ್ಯ 1.75 ಅಲ್ವಾ? ಮೇಲಿನ 10 ಕೆ ತೆಗೆದು 18 ಕೆ ಹಾಕಿದೆ. ಬಯಾಸ್ 1.79ಕ್ಕೆ ಬಂತು, ಅಲೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಆಯಿತು.

ಇನ್ನೊಂದು ತೊಂದರೆ ಕಿವಿಗೆ ಬೀಳುವಂಥದ್ದು. ಸಣ್ಣ ಸದ್ದೂ ಕರಕರ ಅನ್ನುತ್ತದೆ. ಔಟ್‌ಪುಟ್ ಕೆಪಾಸಿಟರ್ ಮೂಲಕ ರೆಕಾರ್ಡರ್ ಓಡಿಸುವಾಗ ಒಳಗಿನ ಎರಡು ಟ್ರಾನ್ಸಿಸ್ಟರ್‌ಗಳು ಕೆಲಸ ಕೈ ಬದಲಿಸುವ ಜಾಗದಲ್ಲಿ ಅಲೆ ಮುರಿಯುತ್ತದೆ. ಐಸಿ ಔಟ್‌ಪುಟ್‌ನಿಂದ ಗ್ರೌಂಡ್‌ಗೆ 2.2 ಕೆ ಹಾಕಿದರೆ ಹೋಗುತ್ತದೆ. ಸುಮಾರು 0.8 ಮಿಲಿಆಂಪ್ ಜಾಸ್ತಿ ಎಳೆಯುತ್ತದೆ, ಅಷ್ಟೆ.

ಎಂಸಿಪಿ6002ಗೆ ಈ ಯಾವ ಉಪಚಾರವೂ ಬೇಡ. ಇನ್‌ಪುಟ್, ಔಟ್‌ಪುಟ್ ಎರಡೂ ಗ್ರೌಂಡ್‌ನಿಂದ ಸಪ್ಲೈವರೆಗೆ ಹೋಗುತ್ತವೆ. ಹಾಗಾಗಿ 2.5 ಸರಿಯಾದ ಮಧ್ಯವೇ. ಸಪ್ಲೈ ಮಾತ್ರ 6 ವೋಲ್ಟ್ ದಾಟಬಾರದು. ನನ್ನ ಪೆಟ್ಟಿಗೆಯಲ್ಲಿ ಈಗ ಇರುವುದು ಇದೇ.

ಒಂದು ಮಿತಿ ಇದೆ. ಇದರ ಗೇನ್ ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಜ್. 101 ಗೇನ್‌ಗೆ ಸುಮಾರು 10 ಕಿಲೋಹರ್ಟ್ಜ್ ಮಾತ್ರ ಉಳಿಯುತ್ತದೆ. ಕಪ್ಪೆಗೆ ಅದು ಸಾಕು. ಕೀಟಗಳ ಕೀರಲು ದನಿಯೂ ಬೇಕಿದ್ದರೆ ಐಸಿಯ ಎರಡೂ ಭಾಗ ಬಳಸಿ, ತಲಾ 10 ಗೇನ್ ಇಡಿ. ಎರಡರಲ್ಲೂ 1 ಕೆ ಜೊತೆ ಕೆಪಾಸಿಟರ್ ಇದ್ದರೆ ಡಿಸಿಗೆ ಗೇನ್ 1 ಮಾತ್ರ. ಮೊದಲ ಭಾಗದ 2.5 ವೋಲ್ಟ್ ಎರಡನೆಯದಕ್ಕೆ ಹಾಗೇ ಸಿಗುತ್ತದೆ. ನಡುವೆ ಕಪ್ಲಿಂಗ್ ಕೆಪಾಸಿಟರ್ ಬೇಕಿಲ್ಲ.