ಸೂಪರ್‌ಟ್ರೆಂಡೋ, ಪ್ಯಾರಾಬಾಲಿಕ್ ಎಸ್‌ಎಆರೋ?

ಷೇರು ಚಾರ್ಟಿನ ಈ ಎರಡೂ ಸೂಚಕಗಳು ಏರಿಕೆಯ ಹಿಂದೆ ಸ್ಟಾಪ್‌ಲಾಸ್, ಅಂದರೆ ಬೆಲೆ ಇಳಿದರೆ ಮಾರಿ ಹೊರಬರುವ ಮಟ್ಟವನ್ನು, ಎಳೆದುಕೊಂಡು ಹೋಗುತ್ತವೆ. ವ್ಯತ್ಯಾಸ ಗೊತ್ತಾಗುವುದು ಬೆಲೆ ನಿಂತಾಗ.

ಷೇರು 520ರವರೆಗೆ ಏರಿ, 507ರಿಂದ 512ರ ನಡುವೆ ಓಲಾಡುತ್ತಿದೆ ಎನ್ನಿ. ಎಸ್‌ಎಆರ್ ಚುಕ್ಕಿ 500ರಲ್ಲಿದೆ, ವೇಗಾಂಶ 0.10. ಪ್ರತಿದಿನ ಚುಕ್ಕಿಗೂ 520ಕ್ಕೂ ಇರುವ ಅಂತರದ ಹತ್ತನೇ ಒಂದು ಭಾಗ ಮೇಲೇರುತ್ತದೆ: 502, 503.80, 505.42, ನಾಲ್ಕನೇ ದಿನ 506.88. ಹೊಸ ಎತ್ತರ ಬರದಿದ್ದರೆ ವೇಗ ಹೆಚ್ಚುವುದಿಲ್ಲ, ಆದರೆ ಚುಕ್ಕಿ ನಿಲ್ಲುವುದೂ ಇಲ್ಲ. ಆ ದಿನ ಬೆಲೆ ಒಂದು ಕ್ಷಣ 506 ಮುಟ್ಟಿದರೂ ಸಾಕು, ಚುಕ್ಕಿ ಮೇಲಕ್ಕೆ ಹಾರಿ ಮಾರಾಟದ ಸೂಚನೆ ಕೊಡುತ್ತದೆ. ಷೇರು ಬಿದ್ದೇ ಇರುವುದಿಲ್ಲ!

ಸೂಪರ್‌ಟ್ರೆಂಡ್ ಸಮಯ ನೋಡುವುದಿಲ್ಲ, ಏರಿಳಿತ ನೋಡುತ್ತದೆ. ಎತ್ತರದ ದಿನದ ಮಧ್ಯಬೆಲೆ 516, 10 ದಿನದ ಎಟಿಆರ್, ಅಂದರೆ ದಿನದ ಸರಾಸರಿ ಏರಿಳಿತ, 8, ಗುಣಕ 3 ಆದರೆ ಗೆರೆ 516 − 24 = 492ರಲ್ಲಿ ಚಪ್ಪಟೆಯಾಗಿ ನಿಲ್ಲುತ್ತದೆ; ಮುಕ್ತಾಯದ ಬೆಲೆ ಅದರ ಕೆಳಗಿಳಿದರೆ ಮಾತ್ರ ಬಣ್ಣ ಬದಲಾಗಿ ಮಾರಾಟದ ಸೂಚನೆ ಬರುತ್ತದೆ.

ಹಾಗಂತ ಅದು ಸುರಕ್ಷಿತವಲ್ಲ. ಓಲಾಟವೇ 50–60 ರೂಪಾಯಿ ಅಗಲವಾದರೆ ಅದು ತಳದಲ್ಲಿ ಮಾರಿಸಿ, ತುದಿಯಲ್ಲಿ ಕೊಳ್ಳಿಸುತ್ತದೆ. ಎಸ್‌ಎಆರ್‌ನ ಪೆಟ್ಟುಗಳು ಹೆಚ್ಚು, ಚಿಕ್ಕವು. ಸೂಪರ್‌ಟ್ರೆಂಡ್‌ನವು ಕಡಿಮೆ, ದೊಡ್ಡವು. ವಾರಗಟ್ಟಲೆ ಹಿಡಿದಿಡುವವರಿಗೆ ಸೂಪರ್‌ಟ್ರೆಂಡ್ ಮೇಲು. ಎಸ್‌ಎಆರ್ ಅನ್ನು ಲಾಭ ಕಾಯಲಷ್ಟೇ ಬಳಸಿ, ಕೈಯಲ್ಲಿಲ್ಲದ ಷೇರನ್ನು ಶಾರ್ಟ್ ಮಾರಲು ಬೇಡ.